ದುಡ್ಡು ಕಟ್ ಆಗಿದೆ, ಅವರಿಗೆ ಬಂದಿಲ್ಲ: ಯುಪಿಐ ‘ಪೆಂಡಿಂಗ್’ ತೋರಿಸಿದಾಗ ಯಾವ ಹಂತದಲ್ಲಿ ಏನು ಮಾಡಬೇಕು

ಯುಪಿಐ ಪಾವತಿ ಪೆಂಡಿಂಗ್ ಆದಾಗ ಹೆಚ್ಚಿನವರು ಮಾಡುವ ತಪ್ಪುಗಳು ಮೂರೇ. ಗಾಬರಿಯಲ್ಲಿ ಅದೇ ಮೊತ್ತವನ್ನು ಇನ್ನೊಂದು ಸಲ ಕಳಿಸುತ್ತಾರೆ. ಗೂಗಲ್‌ನಲ್ಲಿ ಸಿಕ್ಕ ಯಾವುದೋ ‘ಕಸ್ಟಮರ್ ಕೇರ್’ ನಂಬರಿಗೆ ಫೋನ್ ಮಾಡುತ್ತಾರೆ. ಇಲ್ಲವೇ ದೂರು ಕೊಡಬೇಕಾದ ದಿನ ಸುಮ್ಮನಿದ್ದು, ಕೊಡಬಾರದ ಹೊತ್ತಿನಲ್ಲಿ ಎಲ್ಲರಿಗೂ ಕೊಡುತ್ತಾರೆ. ಈ ಮೂರೂ ತಪ್ಪುಗಳ ಮೂಲ ಒಂದೇ: ‘ಪೆಂಡಿಂಗ್’ ಅನ್ನುವ ಪದಕ್ಕೆ ‘ಫೇಲ್’ ಎಂದು ಅರ್ಥ ಮಾಡಿಕೊಳ್ಳುವುದು.

ಈ ಮಾರ್ಗದರ್ಶಿ ಒಂದೇ ಸಂದರ್ಭಕ್ಕೆ ಸೀಮಿತ. ನಿಮ್ಮ ಖಾತೆಯಿಂದ ದುಡ್ಡು ಹೋಗಿದೆ, ಆ್ಯಪ್ ‘Pending’ ಅಥವಾ ‘Processing’ ಅನ್ನುತ್ತಿದೆ, ಪಡೆಯಬೇಕಾದವರ ಕಡೆ ಏನೂ ಕಾಣುತ್ತಿಲ್ಲ. ತಪ್ಪು ವ್ಯಕ್ತಿಗೆ ಕಳಿಸಿದ್ದು, ಮೋಸ ಹೋಗಿ ಕಳಿಸಿದ್ದು ಬೇರೆ ವಿಷಯಗಳು. ಅವುಗಳ ದಾರಿಯೂ ಬೇರೆ.

## ಕೈಯಲ್ಲಿ ಏನೇನು ಇರಬೇಕು

ಪಾವತಿ ಮಾಡಿದ ಆ್ಯಪ್, ನಿಮ್ಮ ಖಾತೆಯ ಮಿನಿ ಸ್ಟೇಟ್‌ಮೆಂಟ್ ನೋಡುವ ಒಂದು ದಾರಿ, ಮತ್ತೆ ಒಂದು ಚೀಟಿ. ಮಿನಿ ಸ್ಟೇಟ್‌ಮೆಂಟ್‌ಗೆ ಬ್ಯಾಂಕಿನ ಸ್ವಂತ ಆ್ಯಪ್, ನೆಟ್‌ಬ್ಯಾಂಕಿಂಗ್, ಮಿಸ್ಡ್ ಕಾಲ್ ಸೇವೆ ಯಾವುದಾದರೂ ಸರಿ. ಪಡೆಯುವವರ ಬಳಿಯೂ ಅವರ ಖಾತೆಯ ನಿಜವಾದ ಸ್ಟೇಟ್‌ಮೆಂಟ್ ಬೇಕು. ‘ಮೆಸೇಜ್ ಬಂದಿಲ್ಲ’ ಅನ್ನುವ ಮಾತು ಸಾಲದು. ಬ್ಯಾಂಕಿನ ಎಸ್ಸೆಮ್ಮೆಸ್ ತಡವಾಗುವುದು, ಬಾರದೇ ಇರುವುದು ದಿನನಿತ್ಯದ ಮಾತು. ‘ದುಡ್ಡು ಬಂದಿಲ್ಲ’ ಅನ್ನುವ ದೂರುಗಳಲ್ಲಿ ಕೆಲವು ಇಲ್ಲಿಗೇ ಮುಗಿಯುತ್ತವೆ: ದುಡ್ಡು ಬಂದಿರುತ್ತದೆ, ಮೆಸೇಜ್ ಮಾತ್ರ ಬಂದಿರುವುದಿಲ್ಲ.

## ಹಂತ 1: ಪರದೆಯ ಮೇಲಿನ ಪದವನ್ನು ಸರಿಯಾಗಿ ಓದಿ

ಆ್ಯಪ್‌ನಲ್ಲಿ ಬಣ್ಣ, ಚಿತ್ರ ಏನೇ ಇರಲಿ, ಒಂದು ಪಾವತಿಯ ಸ್ಥಿತಿ ಮೂರರಲ್ಲಿ ಒಂದಾಗಿರುತ್ತದೆ. ‘Success’ ಅಂದರೆ ಪಡೆಯುವವರ ಬ್ಯಾಂಕ್ ‘ಜಮೆ ಮಾಡಿದ್ದೇನೆ’ ಎಂದು ಉತ್ತರಿಸಿದೆ. ‘Failed’ ಅಂದರೆ ಎಲ್ಲೋ ಒಂದು ಕಡೆ ‘ಆಗುವುದಿಲ್ಲ’ ಎಂಬ ಸ್ಪಷ್ಟ ಉತ್ತರ ಬಂದಿದೆ. ‘Pending’ ಅಥವಾ ‘Processing’ ಅಂದರೆ ಹೂಂ ಇಲ್ಲ, ಉಹುಂ ಇಲ್ಲ. ಉತ್ತರವೇ ಬಂದಿಲ್ಲ.

ಈ ಮೌನವೇ ಇಡೀ ಸಮಸ್ಯೆ. ಪಡೆಯುವವರ ಖಾತೆ ಮುಚ್ಚಿದ್ದರೆ ಅವರ ಬ್ಯಾಂಕ್ ತಕ್ಷಣ ‘ಆಗುವುದಿಲ್ಲ’ ಅನ್ನುತ್ತದೆ, ದುಡ್ಡು ಸಾಮಾನ್ಯವಾಗಿ ಆಗಲೇ ವಾಪಸ್ ಬರುತ್ತದೆ, ಪರದೆಯ ಮೇಲೆ ‘Failed’ ಬರುತ್ತದೆ. ಪೆಂಡಿಂಗ್ ಆಗಿದೆ ಅಂದರೆ ಯಾವುದೋ ಬ್ಯಾಂಕಿನ ಗಣಕ ನಿಗದಿತ ಹೊತ್ತಿನಲ್ಲಿ ಮಾತಾಡಿಲ್ಲ. ಅದು ಕೆಲಸ ಮಾಡಿ ಹೇಳದೇ ಇದ್ದಿರಬಹುದು, ಕೆಲಸವನ್ನೇ ಮಾಡದೆ ಇದ್ದಿರಬಹುದು. ನಿಮಗಾಗಲಿ ಆ್ಯಪ್‌ಗಾಗಲಿ ಆ ಗಳಿಗೆಯಲ್ಲಿ ಇದು ಗೊತ್ತಾಗುವ ದಾರಿಯಿಲ್ಲ.

ಸ್ಥಿತಿಯನ್ನು ಹಳೆಯ ಸ್ಕ್ರೀನ್‌ಶಾಟ್‌ನಲ್ಲಿ ಓದಬೇಡಿ. ಪಾವತಿ ಮುಗಿದ ಕೂಡಲೇ ಕಂಡ ಪರದೆ ಆ ಕ್ಷಣದ್ದು. ಆ್ಯಪ್‌ನ ಹಿಸ್ಟರಿಗೆ ಹೋಗಿ ಅದೇ ಪಾವತಿಯನ್ನು ಮತ್ತೆ ತೆರೆದರೆ ಈಗಿನ ಸ್ಥಿತಿ ಕಾಣುತ್ತದೆ. ಅಲ್ಲಿ ‘Check status’ ಬಟನ್ ಇದ್ದರೆ ಒಂದು ಸಲ ಒತ್ತಿ, ಸುಮ್ಮನಿರಿ. 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ನಿಯಮದಂತೆ ಒಂದು ಪಾವತಿಯ ಸ್ಥಿತಿಯನ್ನು ಆ್ಯಪ್ ಮೂರು ಸಲ ಮಾತ್ರ ಕೇಳಬಹುದು, ಒಂದೊಂದರ ನಡುವೆ ಕನಿಷ್ಠ 90 ಸೆಕೆಂಡು ಅಂತರ ಇರಬೇಕು. ಅದನ್ನೇ ಮೂವತ್ತು ಸಲ ಒತ್ತಿದರೆ ಬೆರಳಿಗೆ ನೋವು, ಉತ್ತರ ಅದೇ.

## ಹಂತ 2: ದುಡ್ಡು ನಿಜವಾಗಿಯೂ ಹೋಗಿದೆಯೇ ನೋಡಿ

ಡೆಬಿಟ್ ಮೆಸೇಜ್ ಬಂದಿದ್ದರೂ ಸ್ಟೇಟ್‌ಮೆಂಟ್ ತೆರೆದು ನೋಡಿ. ಕೆಲವು ಸಲ ಡೆಬಿಟ್ ಆಗಿ, ಒಂದೆರಡು ನಿಮಿಷದಲ್ಲೇ ಅದೇ ಮೊತ್ತ ವಾಪಸ್ ಜಮೆಯಾಗಿರುತ್ತದೆ. ಡೆಬಿಟ್‌ನ ಮೆಸೇಜ್ ಬರುತ್ತದೆ, ವಾಪಸ್ ಬಂದದ್ದರ ಮೆಸೇಜ್ ಬರುವುದಿಲ್ಲ. ಸ್ಟೇಟ್‌ಮೆಂಟ್‌ನಲ್ಲಿ ಒಂದರ ಕೆಳಗೊಂದು ಎರಡೂ ಸಾಲುಗಳು ಕಾಣುತ್ತವೆ. ವಾಪಸ್ ಬಂದ ಸಾಲಿನಲ್ಲಿ ಸಾಮಾನ್ಯವಾಗಿ ‘REV’ ಅಥವಾ ‘REVERSAL’ ಎಂದು ಇರುತ್ತದೆ. ಅದು ಕಂಡರೆ ನಿಮ್ಮ ಸಮಸ್ಯೆ ಅಲ್ಲಿಗೆ ಮುಗಿಯಿತು, ಮತ್ತೆ ಕಳಿಸಬಹುದು.

ಬರೀ ಬ್ಯಾಲೆನ್ಸ್ ನೋಡಿ ಲೆಕ್ಕ ಹಾಕಬೇಡಿ. ಅದೇ ದಿನ ಇಎಂಐ, ಇನ್ಯಾವುದೋ ಬಿಲ್ಲು, ಸಣ್ಣ ಪುಟ್ಟ ಪಾವತಿಗಳು ಹೋಗಿದ್ದರೆ ಬ್ಯಾಲೆನ್ಸ್ ತಲೆ ಕೆಡಿಸುತ್ತದೆ. ಒಂದೊಂದೇ ಸಾಲು ನೋಡುವುದೇ ಸರಿ.

## ಹಂತ 3: ನಂಬರ್ ಬರೆದಿಟ್ಟುಕೊಳ್ಳಿ

ಮುಂದಿನ ಎಲ್ಲ ಹಂತಗಳೂ ಒಂದು ನಂಬರಿನ ಮೇಲೆ ನಿಂತಿವೆ. ಪಾವತಿಯ ವಿವರ ತೆರೆದರೆ 12 ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಒಂದು ಆ್ಯಪ್ ಅದನ್ನು ‘UTR’ ಅನ್ನುತ್ತದೆ, ಇನ್ನೊಂದು ‘UPI Ref No’ ಅನ್ನುತ್ತದೆ, ಬ್ಯಾಂಕಿನವರು ‘RRN’ ಅನ್ನುತ್ತಾರೆ. ಮೂರೂ ಒಂದೇ. ನಿಮ್ಮ ಸ್ಟೇಟ್‌ಮೆಂಟ್‌ನ ಡೆಬಿಟ್ ಸಾಲಿನಲ್ಲೂ ಇದೇ 12 ಅಂಕಿ ಇರಬೇಕು. ಎರಡನ್ನೂ ಹೋಲಿಸಿ ನೋಡಿ.

ಅದರ ಪಕ್ಕದಲ್ಲೇ ಅಕ್ಷರ, ಅಂಕಿ ಎರಡೂ ಬೆರೆತ ಉದ್ದನೆಯ ಇನ್ನೊಂದು ಗುರುತು ಇರಬಹುದು. ಅದು ಆ್ಯಪ್ ಕಡೆಯಿಂದ ಹುಟ್ಟಿದ ಟ್ರಾನ್ಸಾಕ್ಷನ್ ಐಡಿ. ಬ್ಯಾಂಕಿನ ಕೌಂಟರಿನಲ್ಲಿ ಆ ಉದ್ದ ಗುರುತು ಹೇಳಿದರೆ ಅವರಿಗೆ ಏನೂ ಸಿಗದೆ ‘ಅಂಥ ಟ್ರಾನ್ಸಾಕ್ಷನ್ನೇ ಇಲ್ಲ’ ಅನ್ನುತ್ತಾರೆ. ಆಗ ಜಗಳ ಮಾಡಬೇಡಿ, 12 ಅಂಕಿಯ ನಂಬರ್ ಕೊಡಿ.

ಚೀಟಿಯಲ್ಲಿ ಬರೆಯಬೇಕಾದ್ದು ಇಷ್ಟು: 12 ಅಂಕಿಯ ನಂಬರ್, ದಿನಾಂಕ, ಗಂಟೆ ನಿಮಿಷ, ಮೊತ್ತ, ನಿಮ್ಮ ಯಾವ ಬ್ಯಾಂಕ್ ಖಾತೆಯಿಂದ ಹೋಯಿತು, ಪಡೆಯುವವರ ಯುಪಿಐ ಐಡಿ. ಒಂದೇ ಆ್ಯಪ್‌ಗೆ ಎರಡು ಖಾತೆ ಜೋಡಿಸಿರುವವರು ಯಾವ ಖಾತೆಯಿಂದ ಹೋಯಿತು ಅನ್ನುವುದನ್ನು ಹೆಚ್ಚು ಗಮನವಿಟ್ಟು ನೋಡಬೇಕು. ಕಟ್ ಆಗದ ಖಾತೆಯ ಬ್ಯಾಂಕಿಗೆ ಹೋಗಿ ಗಂಟೆಗಟ್ಟಲೆ ಕೂತವರು ಇದ್ದಾರೆ.

## ಹಂತ 4: ಮತ್ತೆ ಕಳಿಸಬೇಡಿ

ಪೆಂಡಿಂಗ್ ಅಂದರೆ ಮುಂದೆ ‘Success’ ಆಗುವ ಸಾಧ್ಯತೆ ಪೂರ್ತಿ ಜೀವಂತ. ನೀವು ಎರಡನೇ ಸಲ ಕಳಿಸಿ, ಆಮೇಲೆ ಮೊದಲನೆಯದೂ ಜಮೆಯಾದರೆ, ಅದು ಬ್ಯಾಂಕಿನ ದೋಷವಲ್ಲ. ಎರಡೂ ಯಶಸ್ವಿ ಪಾವತಿಗಳೇ. ಆ ದುಡ್ಡನ್ನು ಬ್ಯಾಂಕ್ ವಾಪಸ್ ಕೊಡಿಸುವುದಿಲ್ಲ. ಪಡೆದವರನ್ನು ಕೇಳಿ ಅವರು ಮನಸ್ಸು ಮಾಡಿದರೆ ಸಿಗುತ್ತದೆ. ಪರಿಚಯದವರಾದರೆ ಸರಿ, ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಟೀ ಕುಡಿದು ಮುಂದೆ ಹೋದವರ ಪಾಡೇನು?

ಕಾಯಲು ಆಗದ ಸಂದರ್ಭ ಇದ್ದೇ ಇರುತ್ತದೆ: ಔಷಧಿ ಅಂಗಡಿ, ಪೆಟ್ರೋಲ್ ಬಂಕ್. ಅಲ್ಲಿ ಮೊದಲು ಐದು ನಿಮಿಷ ನಿಂತು ಅಂಗಡಿಯವರ ಆ್ಯಪ್‌ನಲ್ಲಿ ನೋಡಿಸಿ. ಸೌಂಡ್‌ಬಾಕ್ಸ್ ಕೂಗಲಿಲ್ಲ ಅನ್ನುವುದು ಸಾಕ್ಷಿಯಲ್ಲ, ಅದರ ಸಿಮ್‌ಗೆ ನೆಟ್‌ವರ್ಕ್ ಇಲ್ಲದಿದ್ದರೂ ಅದು ಕೂಗುವುದಿಲ್ಲ. ಆಗಲೂ ಬಂದಿಲ್ಲವಾದರೆ ನಗದು ಕೊಡಿ ಅಥವಾ ಬೇರೆ ಬ್ಯಾಂಕ್ ಖಾತೆಯಿಂದ ಕಳಿಸಿ. ಆದರೆ ಕೊಡುವ ಮುಂಚೆ ಅಂಗಡಿಯವರ ಬಿಲ್ಲಿನ ಹಿಂದೆ ಮೊದಲ ಪಾವತಿಯ 12 ಅಂಕಿ ಬರೆಸಿ, ಅವರ ಫೋನ್ ನಂಬರ್ ತೆಗೆದುಕೊಳ್ಳಿ. ‘ಇದು ಆಮೇಲೆ ಬಂದರೆ ವಾಪಸ್ ಹಾಕಿ’ ಎಂದು ಆಗಲೇ ಹೇಳಿಟ್ಟರೆ ಮರುದಿನದ ವಾದ ಅರ್ಧ ಕಡಿಮೆಯಾಗುತ್ತದೆ.

## ಹಂತ 5: ದುಡ್ಡು ಈಗ ಎಲ್ಲಿದೆ ಎಂದು ತಿಳಿಯಿರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಯಾರನ್ನು ಕೇಳಬೇಕು ಅನ್ನುವುದು ಇದರಿಂದಲೇ ಗೊತ್ತಾಗುವುದು.

ಮೊದಲಿಗೆ, ದುಡ್ಡು ಆ್ಯಪ್‌ನಲ್ಲಿ ಇಲ್ಲ. ನಿಮ್ಮ ಯುಪಿಐ ಆ್ಯಪ್ ಸಂದೇಶ ಒಯ್ಯುತ್ತದೆಯೇ ಹೊರತು ಬ್ಯಾಂಕ್ ಖಾತೆಯ ದುಡ್ಡನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಆ್ಯಪ್ ಅಳಿಸಿ ಮತ್ತೆ ಹಾಕಿಕೊಳ್ಳುವುದರಿಂದ, ಫೋನ್ ರೀಸ್ಟಾರ್ಟ್ ಮಾಡುವುದರಿಂದ ಪೆಂಡಿಂಗ್ ಬಿಡುವುದಿಲ್ಲ.

ಒಂದು ಪಾವತಿಗೆ ಎರಡು ಕಾಲು. ನೀವು ಪಿನ್ ಹಾಕಿದ ಮೇಲೆ ಆ್ಯಪ್‌ನ ಸಂದೇಶ ಎನ್‌ಪಿಸಿಐ, ಅಂದರೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮದ ಸ್ವಿಚ್‌ಗೆ, ಅಂದರೆ ಬ್ಯಾಂಕ್‌ಗಳ ನಡುವೆ ಸಂದೇಶ ದಾಟಿಸುವ ಗಣಕ ವ್ಯವಸ್ಥೆಗೆ ಹೋಗುತ್ತದೆ. ಸ್ವಿಚ್ ಮೊದಲು ನಿಮ್ಮ ಬ್ಯಾಂಕಿಗೆ ‘ಇಷ್ಟು ಕಡಿತ ಮಾಡು’ ಅನ್ನುತ್ತದೆ. ಅದು ‘ಮಾಡಿದೆ’ ಅಂದ ಮೇಲೆ ಪಡೆಯುವವರ ಬ್ಯಾಂಕಿಗೆ ‘ಇಷ್ಟು ಜಮೆ ಮಾಡು’ ಅನ್ನುತ್ತದೆ. ಕಡಿತ ಮೊದಲ ಕಾಲು, ಜಮೆ ಎರಡನೇ ಕಾಲು. ಎರಡರಲ್ಲೂ ಉತ್ತರಕ್ಕೆ ಗಡುವಿದೆ. 2025ರ ಜೂನ್‌ನಲ್ಲಿ ಈ ಗಡುವನ್ನು 30 ಸೆಕೆಂಡಿನಿಂದ 15 ಸೆಕೆಂಡಿಗೆ ಇಳಿಸಲಾಯಿತು.

ಮೊದಲ ಕಾಲು ಜಾರಿದರೆ ಹೀಗಾಗುತ್ತದೆ: ನಿಮ್ಮ ಬ್ಯಾಂಕ್ ಕಡಿತ ಮಾಡಿತು, ಆದರೆ ‘ಮಾಡಿದೆ’ ಎಂಬ ಉತ್ತರ ಗಡುವಿನೊಳಗೆ ಸ್ವಿಚ್ ತಲುಪಲಿಲ್ಲ. ಸ್ವಿಚ್ ಮುಂದಕ್ಕೆ ಹೋಗುವುದೇ ಇಲ್ಲ. ‘ಕಡಿತ ಮಾಡಿದ್ದರೆ ವಾಪಸ್ ಹಾಕು’ ಎಂದು ನಿಮ್ಮ ಬ್ಯಾಂಕಿಗೇ ಹೇಳುತ್ತದೆ. ಪಡೆಯುವವರ ಬ್ಯಾಂಕಿಗೆ ಈ ಪಾವತಿಯ ವಿಷಯವೇ ಗೊತ್ತಿರುವುದಿಲ್ಲ. ದುಡ್ಡು ನಿಮ್ಮ ಬ್ಯಾಂಕಿನೊಳಗೇ ಇದೆ. ಇಂಥದ್ದು ಬಹಳ ಬೇಗ ವಾಪಸ್ ಬರುತ್ತದೆ. ಆ ವಾಪಸಾತಿಯ ಸಂದೇಶಕ್ಕೂ ಬ್ಯಾಂಕ್ ಓಗೊಡದಿದ್ದರೆ ಮಾತ್ರ ಮರುದಿನ ಲೆಕ್ಕ ತಾಳೆ ಹಾಕುವ ತನಕ ಎಳೆಯುತ್ತದೆ. ಪರದೆ ‘Failed’ ಎಂದು ಬದಲಾಗಿ, ದುಡ್ಡು ಮಾತ್ರ ಬಾರದೆ ಉಳಿದಿದ್ದರೆ ಕಾರಣ ಸಾಮಾನ್ಯವಾಗಿ ಇದೇ. ಉತ್ತರ ಹೇಳಬೇಕಾದವರು ನಿಮ್ಮ ಬ್ಯಾಂಕಿನವರು.

ಎರಡನೇ ಕಾಲು ಜಾರಿದ್ದು ಹೆಚ್ಚು ತೊಡಕಿನದು. ಕಡಿತ ಸರಿಯಾಗಿ ಆಯಿತು, ‘ಜಮೆ ಮಾಡು’ ಎಂಬ ಸಂದೇಶ ಪಡೆಯುವವರ ಬ್ಯಾಂಕಿಗೆ ಹೋಯಿತು, ಅಲ್ಲಿಂದ ಉತ್ತರ ಬರಲಿಲ್ಲ. ಈಗ ಸ್ವಿಚ್ ದುಡ್ಡನ್ನು ವಾಪಸ್ ಕಳಿಸುವ ಹಾಗಿಲ್ಲ, ಯಾಕೆಂದರೆ ಆ ಬ್ಯಾಂಕ್ ಜಮೆ ಮಾಡಿಯೂ ಹೇಳದೆ ಇದ್ದಿರಬಹುದು. ವಾಪಸ್ ಕಳಿಸಿದರೆ ಒಂದೇ ದುಡ್ಡು ಎರಡು ಕಡೆ ಜಮೆಯಾಗುತ್ತದೆ. ಆದ್ದರಿಂದ ವ್ಯವಸ್ಥೆ ಇದನ್ನು ‘ಆಗಿದೆ ಎಂದು ಭಾವಿಸಿದ’ ಪಾವತಿಯಾಗಿ ಪಕ್ಕಕ್ಕಿಡುತ್ತದೆ. ಬ್ಯಾಂಕ್‌ಗಳ ನಡುವಿನ ಲೆಕ್ಕ ದಿನಕ್ಕೆ ಹಲವು ಸಲ ಚುಕ್ತಾ ಆಗುತ್ತದೆ. ಅದರಲ್ಲಿ ಈ ಮೊತ್ತವೂ ಪಡೆಯುವವರ ಬ್ಯಾಂಕಿನ ಪಾಲಿಗೆ ಸೇರುತ್ತದೆ.

ಅಂದರೆ ದುಡ್ಡು ಅವರ ಬ್ಯಾಂಕ್ ತಲುಪಿದೆ, ಅವರ ಖಾತೆ ತಲುಪಿಲ್ಲ. ಇನ್ನು ಆ ಬ್ಯಾಂಕ್ ತನ್ನ ಪುಸ್ತಕ ತಾಳೆ ನೋಡಿ ಎರಡರಲ್ಲಿ ಒಂದು ಮಾಡಬೇಕು: ಖಾತೆಗೆ ಜಮೆ ಮಾಡಿ ‘ಆಯಿತು’ ಎಂದು ದೃಢೀಕರಿಸಬೇಕು, ಇಲ್ಲವೇ ಹಿಂದಿರುಗಿಸಬೇಕು. ಬ್ಯಾಂಕಿನವರ ಭಾಷೆಯಲ್ಲಿ ಮೊದಲನೆಯದು ‘TCC’, ಎರಡನೆಯದು ‘RET’. ಕೌಂಟರಿನಲ್ಲಿ ಈ ಎರಡು ಹೆಸರು ಕಿವಿಗೆ ಬಿದ್ದರೆ ಗಲಿಬಿಲಿಗೊಳ್ಳಬೇಡಿ.

ಯಾವ ಕಾಲು ಜಾರಿದೆ ಎಂದು ಹೊರಗಿನಿಂದ ಹೇಗೆ ಊಹಿಸುವುದು? ಪರದೆ ಬೇಗನೆ ‘Failed’ಗೆ ತಿರುಗಿದರೆ ಮೊದಲನೆಯದು, ಅಥವಾ ಪಡೆಯುವವರ ಬ್ಯಾಂಕ್ ಬಾಯಿಬಿಟ್ಟು ‘ಆಗುವುದಿಲ್ಲ’ ಅಂದಿದೆ. ಗಂಟೆಗಳ ಕಾಲ ‘Pending’ ಆಗಿಯೇ ಉಳಿದರೆ ಬಹುತೇಕ ಎರಡನೆಯದು. ಆಗ ನಿಮ್ಮ ಬ್ಯಾಂಕಿನವರು ‘ನಮ್ಮ ಕಡೆಯಿಂದ ಸಕ್ಸಸ್ ಆಗಿದೆ’ ಅಂದರೆ ಅವರು ಸುಳ್ಳು ಹೇಳುತ್ತಿಲ್ಲ, ಕೈ ತೊಳೆದುಕೊಳ್ಳುತ್ತಲೂ ಇಲ್ಲ. ಅವರ ಕಾಲು ನಿಜಕ್ಕೂ ಸರಿಯಾಗಿ ಊರಿದೆ.

## ಹಂತ 6: ದಿನ ಎಣಿಸಿ

ಎಷ್ಟು ದಿನ ಕಾಯಬೇಕು ಅನ್ನುವುದನ್ನು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಗೊತ್ತುಪಡಿಸಿದೆ. ಪಾವತಿ ಮಾಡಿದ ದಿನವನ್ನು ‘T’ ಎಂದು ಕರೆಯುತ್ತಾರೆ. ಒಬ್ಬರಿಂದ ಒಬ್ಬರಿಗೆ ಕಳಿಸಿದ ದುಡ್ಡು ಕಡಿತವಾಗಿ ಜಮೆಯಾಗದಿದ್ದರೆ, T+1 ದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು. ಇದನ್ನು ಮಾಡಬೇಕಾದದ್ದು ಪಡೆಯುವವರ ಬ್ಯಾಂಕ್ ಎಂದು ಸುತ್ತೋಲೆಯಲ್ಲೇ ಇದೆ. ವ್ಯಾಪಾರಿಗೆ ಮಾಡಿದ ಪಾವತಿಯಲ್ಲಿ ದುಡ್ಡು ಕಡಿತವಾಗಿ ವ್ಯಾಪಾರಿಗೆ ದೃಢೀಕರಣ ಸಿಗದಿದ್ದರೆ ಗಡುವು T+5. ಇದನ್ನು ಮೀರಿದರೆ ದಿನಕ್ಕೆ ₹100ರಂತೆ ಪರಿಹಾರ ಸೇರಿಸಿ ಕೊಡಬೇಕು. ನೀವು ಕೇಳಲಿ, ಕೇಳದಿರಲಿ, ಬ್ಯಾಂಕ್ ತಾನಾಗಿಯೇ ಕೊಡಬೇಕು.

ಇಲ್ಲಿ ಎರಡು ಕಡೆ ಎಡವುತ್ತಾರೆ. T ಅನ್ನುವುದು ಕ್ಯಾಲೆಂಡರಿನ ದಿನ. ಭಾನುವಾರ, ಹಬ್ಬ, ಎರಡನೇ ಶನಿವಾರ ಎಲ್ಲವೂ ಎಣಿಕೆಗೆ ಸೇರುತ್ತವೆ. ‘ವರ್ಕಿಂಗ್ ಡೇ’ ಅನ್ನುವ ಮಾತು ಈ ನಿಯಮದಲ್ಲಿ ಇಲ್ಲ. ಪರದೆಯ ಮೇಲೆ ಇನ್ನೂ ಹೆಚ್ಚು ದಿನ ಕಾಯಿರಿ ಎಂದು ಬರೆದಿದ್ದರೂ ನಿಯಮದ ಗಡುವು ಬದಲಾಗುವುದಿಲ್ಲ. ಎರಡನೆಯದಾಗಿ, ಅಂಗಡಿಯವರ ಸ್ವಂತ ಯುಪಿಐ ಐಡಿಗೆ ಕಳಿಸಿದ್ದೆಲ್ಲ ‘ವ್ಯಾಪಾರಿ ಪಾವತಿ’ ಆಗುವುದಿಲ್ಲ. ಅದು ವ್ಯಾಪಾರಿ ಎಂದು ನೋಂದಾಯಿಸಿದ ಕ್ಯೂಆರ್ ಆಗಿದ್ದರೆ ಮಾತ್ರ ಆ ಲೆಕ್ಕ. ಬೀದಿ ಬದಿಯ ತರಕಾರಿ ಗಾಡಿಯವರು ತಮ್ಮ ಫೋನ್ ನಂಬರಿಗೇ ಹಾಕಿಸಿಕೊಂಡರೆ ಅದು ಒಬ್ಬರಿಂದ ಒಬ್ಬರಿಗೆ, ಗಡುವು T+1.

### ಒಂದು ಲೆಕ್ಕ ಮಾಡಿ ನೋಡೋಣ

ತಾರೀಕು 14, ಶನಿವಾರ. ರಾತ್ರಿ 11:52ಕ್ಕೆ ಬಾಡಿಗೆ ₹8,500 ಅನ್ನು ಮನೆ ಮಾಲೀಕರ ಫೋನ್ ನಂಬರಿಗೆ ಕಳಿಸಲಾಗಿದೆ. ಡೆಬಿಟ್ ಮೆಸೇಜ್ ಬಂತು, ಪರದೆ ‘Pending’. ಮಾಲೀಕರ ಖಾತೆಯಲ್ಲಿ ಏನೂ ಇಲ್ಲ. ಮಧ್ಯರಾತ್ರಿಯ ಆಸುಪಾಸು ಬ್ಯಾಂಕ್‌ಗಳು ದಿನದ ಲೆಕ್ಕ ಮುಗಿಸುವ ಹೊತ್ತು. ಆಗ ಉತ್ತರ ತಡವಾಗುವುದು ಹೊಸದಲ್ಲ.

ಇಲ್ಲಿ T ಅಂದರೆ 14. ಹನ್ನೆರಡು ಹೊಡೆಯಲು ಎಂಟೇ ನಿಮಿಷ ಇದ್ದರೂ ಅಷ್ಟೇ. T+1 ಅಂದರೆ ಭಾನುವಾರ 15. ಆ ದಿನ ಮಾಡಬೇಕಾದ್ದು ಇಷ್ಟೇ: ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಸ್ಥಿತಿಯನ್ನೂ ಎರಡೂ ಕಡೆಯ ಸ್ಟೇಟ್‌ಮೆಂಟನ್ನೂ ನೋಡುವುದು. ಬಾಡಿಗೆ ಕೊಡಲು ಇನ್ನೂ ದಿನಗಳಿದ್ದರೆ ಮತ್ತೆ ಕಳಿಸುವುದು ಬೇಡ. ಮಾಲೀಕರಿಗೆ 12 ಅಂಕಿಯ ನಂಬರನ್ನು ವಾಟ್ಸಾಪ್ ಮಾಡಿದರೆ ಸಾಕು.

ಸೋಮವಾರ 16ರ ಬೆಳಿಗ್ಗೆಯೂ ಹಾಗೇ ಇದೆ ಎಂದಿಟ್ಟುಕೊಳ್ಳಿ. ಗಡುವು ಮೀರಿತು, ಈಗ ಆ್ಯಪ್‌ನಲ್ಲಿ ದೂರು ದಾಖಲಿಸಬೇಕು. ಬುಧವಾರ 18ರಂದು ₹8,500 ವಾಪಸ್ ಬಂತು. ಗಡುವಿನ ನಂತರದ ದಿನಗಳು 16, 17, 18, ಒಟ್ಟು ಮೂರು. ಬರಬೇಕಾದ ಪರಿಹಾರ ₹300. ಅದು ₹8,500ರ ಜೊತೆಗೇ ಬರಬೇಕೆಂದಿಲ್ಲ, ಪ್ರತ್ಯೇಕ ಸಾಲಿನಲ್ಲಿ ಜಮೆಯಾಗಬಹುದು.

ಇದೇ ಪಾವತಿ ಸೂಪರ್‌ಮಾರ್ಕೆಟ್ ಒಂದರ ನೋಂದಾಯಿತ ಕ್ಯೂಆರ್‌ಗೆ ಆಗಿದ್ದರೆ ಗಡುವು ಗುರುವಾರ 19ರ ತನಕ ಇರುತ್ತಿತ್ತು. 18ಕ್ಕೆ ಬಂದದ್ದಕ್ಕೆ ಪರಿಹಾರ ಕೇಳುವ ಹಾಗಿರಲಿಲ್ಲ.

## ಹಂತ 7: ದೂರು, ಸರಿಯಾದ ಬಾಗಿಲಿಗೆ

ಮೊದಲ ಬಾಗಿಲು ಪಾವತಿ ಮಾಡಿದ ಆ್ಯಪ್. ಹಿಸ್ಟರಿಯಲ್ಲಿ ಆ ಪಾವತಿಯನ್ನೇ ತೆರೆದು, ಅದರ ಒಳಗಿರುವ ದೂರು ಅಥವಾ ಸಹಾಯದ ಬಟನ್ ಒತ್ತಿ. ಆ್ಯಪ್‌ನ ಮುಖಪುಟದ ಸಾಮಾನ್ಯ ಸಹಾಯ ವಿಭಾಗದಿಂದ ಹೋದರೆ ನಿಮ್ಮ ದೂರು ಬರೀ ಚಾಟ್ ಆಗಿ ಉಳಿಯಬಹುದು. ಪಾವತಿಯ ಒಳಗಿನಿಂದಲೇ ಕೊಟ್ಟ ದೂರು ಆ ಪಾವತಿಗೆ ಅಂಟಿಕೊಂಡು ಎನ್‌ಪಿಸಿಐ ವ್ಯವಸ್ಥೆಯ ಮೂಲಕ ಎರಡೂ ಬ್ಯಾಂಕ್‌ಗಳ ಕಣ್ಣಿಗೆ ಬೀಳುತ್ತದೆ.

ಕಾರಣಗಳ ಪಟ್ಟಿ ಬಂದಾಗ ಆಯ್ಕೆ ಮಾಡುವುದರಲ್ಲಿ ಎಚ್ಚರ ಇರಲಿ. ‘ಖಾತೆಯಿಂದ ಕಡಿತವಾಗಿದೆ, ಪಡೆಯುವವರಿಗೆ ಜಮೆಯಾಗಿಲ್ಲ’ ಎಂಬ ಅರ್ಥದ್ದನ್ನು ಆರಿಸಿ. ಸಿಟ್ಟಿನಲ್ಲಿ ‘ಮೋಸ’ ಅಥವಾ ‘ತಪ್ಪು ಖಾತೆಗೆ ಹೋಗಿದೆ’ ಆರಿಸಿದರೆ ದೂರು ಬೇರೆ ದಾರಿ ಹಿಡಿದು, ಹಲವು ದಿನದ ನಂತರ ‘ಅನ್ವಯಿಸುವುದಿಲ್ಲ’ ಎಂದು ಮುಚ್ಚಿಕೊಳ್ಳುತ್ತದೆ. ದೂರಿನ ಸಂಖ್ಯೆ ಸಿಕ್ಕ ಕೂಡಲೇ ಚೀಟಿಗೆ ಸೇರಿಸಿ. ಒಂದೇ ಪಾವತಿಗೆ ನಾಲ್ಕು ದೂರು ಕೊಟ್ಟರೆ ಕೆಲಸ ನಾಲ್ಕು ಪಟ್ಟು ಬೇಗ ಆಗುವುದಿಲ್ಲ.

ಅಲ್ಲಿ ಬಗೆಹರಿಯದಿದ್ದರೆ ಎರಡನೇ ಬಾಗಿಲು ನಿಮ್ಮ ಖಾತೆಯಿರುವ ಬ್ಯಾಂಕ್. ಪಡೆಯುವವರ ಬ್ಯಾಂಕ್ ತಪ್ಪು ಮಾಡಿದ್ದರೂ ನೀವು ಅವರ ಗ್ರಾಹಕರಲ್ಲ, ಅಲ್ಲಿ ನಿಮ್ಮ ಮಾತು ನಡೆಯುವುದು ಕಷ್ಟ. ಪಡೆಯುವವರೇ ತಮ್ಮ ಬ್ಯಾಂಕಿಗೆ ಅದೇ 12 ಅಂಕಿ ಕೊಟ್ಟು ‘ಈ ನಂಬರಿನ ಜಮೆ ಬಾಕಿಯಿದೆಯೇ’ ಎಂದು ಕೇಳಿದರೆ ಅನುಕೂಲ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಎರಡನೇ ಕಾಲು ಜಾರಿದಾಗ ಇದರಿಂದಲೇ ಬೇಗ ಕೆಲಸವಾಗುವುದುಂಟು. ನಿಮ್ಮ ಬ್ಯಾಂಕಿಗೆ ಬರೆಯುವಾಗ ಕಥೆ ಬೇಡ. ಇಷ್ಟಿದ್ದರೆ ಸಾಕು:

“ನನ್ನ ಖಾತೆಯಿಂದ 14ರಂದು ರಾತ್ರಿ 11:52ಕ್ಕೆ ಯುಪಿಐ ಮೂಲಕ ₹8,500 ಕಡಿತವಾಗಿದೆ. ಯುಟಿಆರ್ ಸಂಖ್ಯೆ (ಇಲ್ಲಿ 12 ಅಂಕಿ). ಪಡೆಯುವವರ ಖಾತೆಗೆ ಈ ತನಕ ಜಮೆಯಾಗಿಲ್ಲ, ನನಗೂ ವಾಪಸ್ ಬಂದಿಲ್ಲ. ಆ್ಯಪ್‌ನಲ್ಲಿ ಕೊಟ್ಟ ದೂರಿನ ಸಂಖ್ಯೆ ಇದು. T+1 ಗಡುವು 15ಕ್ಕೆ ಮುಗಿದಿದೆ. ಮೊತ್ತವನ್ನೂ ವಿಳಂಬದ ಪರಿಹಾರವನ್ನೂ ಜಮೆ ಮಾಡಬೇಕಾಗಿ ಕೋರುತ್ತೇನೆ.”

ಮೂರನೆಯದು ಎನ್‌ಪಿಸಿಐ ಜಾಲತಾಣ. ಅಲ್ಲಿ ಯುಪಿಐ ವಿಭಾಗದಲ್ಲಿ ದೂರಿನ ನಮೂನೆ ಇದೆ. ಕೊನೆಯದು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ `cms.rbi.org.in` ತಾಣದಲ್ಲಿ ಉಚಿತವಾಗಿ ದೂರು ಕೊಡಬಹುದು. ಬ್ಯಾಂಕಿಗೆ ದೂರು ಕೊಡದೆ ನೇರವಾಗಿ ಇಲ್ಲಿಗೆ ಬಂದರೆ ತಿರಸ್ಕರಿಸುತ್ತಾರೆ. ಫೋನಿನಲ್ಲಿ ಹೇಳಿ ಬಿಟ್ಟವರು ಎಡವುವುದು ಇಲ್ಲೇ, ಅವರ ಕೈಯಲ್ಲಿ ದೂರಿನ ಸಂಖ್ಯೆಯೂ ಇರುವುದಿಲ್ಲ, ತಾರೀಕೂ ಇರುವುದಿಲ್ಲ.

## ಸ್ಥಿತಿ ಬದಲಾದ ಮೇಲೆ

‘Success’ ಆಯಿತು, ಆದರೂ ಅವರು ಬಂದಿಲ್ಲ ಅನ್ನುತ್ತಾರೆ: ಅವರು ನೋಡುತ್ತಿರುವ ಖಾತೆ ಯಾವುದೆಂದು ಕೇಳಿ. ಫೋನ್ ನಂಬರಿಗೆ ಜೋಡಿಸಿರುವ ಖಾತೆ ಬೇರೆ, ಅವರು ನೋಡುತ್ತಿರುವುದು ಬೇರೆ ಆಗಿರುವುದು ತುಂಬ ಸಾಮಾನ್ಯ. ವ್ಯಾಪಾರಿಗಳಾದರೆ ದುಡ್ಡು ಪಾವತಿ ಸಂಸ್ಥೆಯ ಮೂಲಕ ಮರುದಿನ ಒಟ್ಟಾಗಿ ಖಾತೆಗೆ ಬೀಳಬಹುದು, ಬಿಡಿ ಮೊತ್ತವಾಗಿ ಕಾಣುವುದಿಲ್ಲ.

ಆನ್‌ಲೈನ್ ಖರೀದಿಯಲ್ಲಿ ಇನ್ನೊಂದು ತಿರುವಿದೆ. ಪಾವತಿ ಪೆಂಡಿಂಗ್ ಆಗಿ, ಕಾದು ಕಾದು ಮಾರಾಟಗಾರರ ವ್ಯವಸ್ಥೆ ಆರ್ಡರ್ ರದ್ದು ಮಾಡುತ್ತದೆ, ಆಮೇಲೆ ಪಾವತಿ ‘Success’ ಆಗುತ್ತದೆ. ಈಗ ದುಡ್ಡು ಮಾರಾಟಗಾರರ ಬಳಿ ಇದೆ. ಬ್ಯಾಂಕಿನ ವಾಪಸಾತಿ ಇಲ್ಲಿ ಬರುವುದಿಲ್ಲ, ಮಾರಾಟಗಾರರೇ ರೀಫಂಡ್ ಮಾಡಬೇಕು. ಬ್ಯಾಂಕಿಗೆ ದೂರು ಕೊಟ್ಟರೆ ‘ಯಶಸ್ವಿ ಪಾವತಿ’ ಎಂದು ಮುಚ್ಚುತ್ತಾರೆ. ಅದು ಸರಿಯೇ.

## ಎಚ್ಚರಿಕೆಯ ಗುರುತುಗಳು

ಪೆಂಡಿಂಗ್ ಆದ ಮನುಷ್ಯ ಮೋಸಗಾರರಿಗೆ ಸುಲಭದ ಬೇಟೆ, ಯಾಕೆಂದರೆ ಅವನೇ ಹುಡುಕಿಕೊಂಡು ಫೋನ್ ಮಾಡುತ್ತಾನೆ. ಸಹಾಯವಾಣಿ ನಂಬರನ್ನು ಆ್ಯಪ್‌ನ ಒಳಗಿನಿಂದ, ಪಾಸ್‌ಬುಕ್‌ನಿಂದ ಅಥವಾ ಡೆಬಿಟ್ ಕಾರ್ಡಿನ ಹಿಂಬದಿಯಿಂದ ತೆಗೆದುಕೊಳ್ಳಿ. ಸಾಮಾಜಿಕ ಜಾಲತಾಣದಲ್ಲಿ ನಿಮ್ಮ ದೂರಿನ ಕೆಳಗೆ ತಾವಾಗಿ ಬಂದು ನಂಬರ್ ಕೊಡುವವರು ಬ್ಯಾಂಕಿನವರಲ್ಲ.

ದುಡ್ಡು ವಾಪಸ್ ಬರಲು ನಿಮ್ಮ ಪಿನ್ ಬೇಕಾಗುವುದೇ ಇಲ್ಲ, ಓಟಿಪಿ ಬೇಡ, ಕ್ಯೂಆರ್ ಸ್ಕ್ಯಾನ್ ಮಾಡುವುದೂ ಬೇಡ. ಇವುಗಳಲ್ಲಿ ಒಂದನ್ನು ಕೇಳಿದರೂ ಫೋನ್ ಇಡಿ. ‘ರೀಫಂಡ್ ಕೋರಿಕೆ ಕಳಿಸಿದ್ದೇವೆ, ಒಪ್ಪಿಕೊಳ್ಳಿ’ ಅನ್ನುವ ಹಳೆಯ ತಂತ್ರಕ್ಕೆ ಕಡಿವಾಣ ಹಾಕಲೆಂದೇ ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಕೋರಿಕೆಯನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ಈಗ ಅವರು ಹೆಚ್ಚಾಗಿ ಫೋನಿನ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸುತ್ತಾರೆ. ಅದನ್ನು ಹಾಕಿದ್ದೇ ಆಗಿದ್ದರೆ ಮೊದಲು ಇಂಟರ್‌ನೆಟ್ ಬಂದ್ ಮಾಡಿ ಆ ಆ್ಯಪ್ ಅಳಿಸಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಇದಕ್ಕೆ ವಿರುದ್ಧ ದಿಕ್ಕಿನ ಮೋಸವೂ ಇದೆ, ಅಂಗಡಿಯವರು ಗಮನಿಸಬೇಕು. ‘ಕಟ್ ಆಗಿದೆ ನೋಡಿ, ಪೆಂಡಿಂಗ್ ತೋರಿಸುತ್ತಿದೆ, ಆಮೇಲೆ ಬರುತ್ತದೆ’ ಎಂದು ಸ್ಕ್ರೀನ್‌ಶಾಟ್ ತೋರಿಸಿ ಸಾಮಾನು ಒಯ್ಯುವವರಿದ್ದಾರೆ. ಅವರ ಹಿಸ್ಟರಿಯಲ್ಲಿ ಆ ಪಾವತಿಯನ್ನು ನಿಮ್ಮ ಕಣ್ಣೆದುರೇ ತೆರೆಸಿ 12 ಅಂಕಿ ಬರೆದುಕೊಳ್ಳಿ. ಸುಳ್ಳು ಸ್ಕ್ರೀನ್‌ಶಾಟ್‌ನವರು ಅಲ್ಲೇ ತಡವರಿಸುತ್ತಾರೆ.

## ದುಡ್ಡು ಬಂದ ಮೇಲೆ ಒಂದು ಕೆಲಸ

ವಾಪಸಾದ ಸಾಲಿನ ತಾರೀಕನ್ನು ಚೀಟಿಯ ತಾರೀಕಿನ ಜೊತೆ ಇಟ್ಟು ದಿನ ಎಣಿಸಿ. ಗಡುವು ಮೀರಿದ್ದರೆ ಮುಂದಿನ ಕೆಲವು ದಿನ ಸ್ಟೇಟ್‌ಮೆಂಟ್‌ನಲ್ಲಿ ₹100, ₹200, ₹300 ಹೀಗೆ ನೂರರ ಲೆಕ್ಕದ ಜಮೆ ಇದೆಯೇ ನೋಡಿ. ಇಲ್ಲದಿದ್ದರೆ ಮೂಲ ದೂರಿನ ಸಂಖ್ಯೆ ಹಾಕಿ, ಗಡುವು ಮುಗಿದ ತಾರೀಕು, ವಾಪಸ್ ಬಂದ ತಾರೀಕು, ವಿಳಂಬದ ದಿನಗಳು, ಬರಬೇಕಾದ ಮೊತ್ತ, ಈ ನಾಲ್ಕನ್ನು ಬ್ಯಾಂಕಿಗೆ ಬರೆಯಿರಿ. 2019ರ ಸೆಪ್ಟೆಂಬರ್ 20ರ ಸುತ್ತೋಲೆಯನ್ನು ಅದರಲ್ಲಿ ಒಂದು ಸಾಲಿನಲ್ಲಿ ಉಲ್ಲೇಖಿಸಿ.